ಒಂದೇ ಕೊದಿಲು ಹುಡಿ, ಮಳೆಗಾಲದ ಐದು ಅಡುಗೆ

ಕೊದಿಲು ಹುಡಿ ಕೊದಿಲಿಗೆ ಮಾತ್ರ ಅಂದುಕೊಂಡವರು ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿ. ಡಬ್ಬಿ ಒಂದೇ. ಅದನ್ನು ಯಾವಾಗ ಹಾಕುತ್ತೀರಿ, ಕಾಯಿಯೊಟ್ಟಿಗೆ ಎಷ್ಟು ನುಣ್ಣಗೆ ಅರೆಯುತ್ತೀರಿ ಎನ್ನುವುದರಲ್ಲಿ ರುಚಿ ಬೇರೆಯಾಗುತ್ತದೆ.

ಮೊದಲು ಹುಡಿಯ ಬಗ್ಗೆ. ಕೊತ್ತಂಬರಿ, ಬ್ಯಾಡಗಿ ಮೆಣಸು, ಉದ್ದಿನ ಬೇಳೆ, ಜೀರಿಗೆ, ಮೆಂತೆ, ಅರಶಿನ, ಇಂಗು, ಕರಿಬೇವು, ಇಷ್ಟೇ. ಒಂದೊಂದನ್ನೂ ಬೇರೆ ಬೇರೆಯಾಗಿ ತೆಂಗಿನೆಣ್ಣೆಯಲ್ಲಿ ಹುರಿಯುತ್ತೇವೆ, ಯಾಕೆಂದರೆ ಉದ್ದು ಕೆಂಪಾಗುವಷ್ಟು ಹೊತ್ತು ಮೆಂತೆಯನ್ನೂ ಬಾಣಲೆಯಲ್ಲಿ ಬಿಟ್ಟರೆ ಅದು ಕಹಿಯಾಗುತ್ತದೆ. ಬಣ್ಣ ಬ್ಯಾಡಗಿಯದ್ದೇ, ಬೇರೆ ಏನೂ ಸೇರಿಸಿಲ್ಲ. ತೆಂಗಿನಕಾಯಿಯನ್ನು ಬೇಕೆಂದೇ ಹಾಕಿಲ್ಲ. ಕಾಯಿ ಸೇರಿದ ಹುಡಿ ಬೇಗ ಕನರುತ್ತದೆ, ಆಗಷ್ಟೇ ಹೆರೆದ ಕಾಯಿಯ ರುಚಿಯೂ ಅದರಲ್ಲಿ ಇರುವುದಿಲ್ಲ. ನಮ್ಮ ಕಡೆ ಹಿತ್ತಿಲಲ್ಲಿ ತೆಂಗು ಇರುವಾಗ ಡಬ್ಬಿಯ ಕಾಯಿ ಯಾಕೆ ಬೇಕು?

👉 ಸೌತೆಕಾಯಿ–ಹಲಸಿನ ಬೀಜದ ಕೊದಿಲು
ಹಲಸಿನ ಬೀಜ ಒಂದು ಹಿಡಿ, ಹೊರಸಿಪ್ಪೆ ತೆಗೆದು ಜಜ್ಜಿ ಮೊದಲು ಬೇಯಿಸಿ. ಅರ್ಧ ಬೆಂದ ಮೇಲೆ ಸೌತೆಕಾಯಿ ಹೋಳು, ಉಪ್ಪು, ಸಣ್ಣ ತುಂಡು ಬೆಲ್ಲ, ನೆಲ್ಲಿಕಾಯಿ ಗಾತ್ರದ ಹುಳಿಯ ರಸ. ಒಂದು ಕಪ್ ಕಾಯಿತುರಿಗೆ ಎರಡು ಚಮಚ ಹುಡಿ ಹಾಕಿ ಅರೆದು ಸೇರಿಸಿ, ಚೆನ್ನಾಗಿ ಒಂದು ಕುದಿ ಬರಲಿ. ಒಗ್ಗರಣೆಗೆ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕೆಂಪಾಗುವವರೆಗೆ. ಬೆಳ್ಳುಳ್ಳಿ ಇಲ್ಲದವರು ಸಾಸಿವೆ–ಕರಿಬೇವಿನಲ್ಲೇ ಮುಗಿಸಬಹುದು. ಕುಚ್ಚಿಲಕ್ಕಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನಮಗೆ ಗೊತ್ತಿಲ್ಲ.

👉 ಪತ್ರೊಡೆ
ಆಟಿ ತಿಂಗಳಲ್ಲಿ ಹೆಚ್ಚು ಜನ ಕೇಳುವುದು ಇದನ್ನೇ. ಎರಡು ಕಪ್ ಬೆಳ್ತಿಗೆ ಅಕ್ಕಿ ನೆನೆಸಿ, ಒಂದು ಕಪ್ ಕಾಯಿತುರಿ, ಎರಡು ದೊಡ್ಡ ಚಮಚ ಹುಡಿ, ಲಿಂಬೆ ಗಾತ್ರದ ಹುಳಿ, ಅಷ್ಟೇ ಬೆಲ್ಲ, ಉಪ್ಪು ಹಾಕಿ ಅರೆಯಿರಿ. ನೀರು ಆದಷ್ಟು ಕಮ್ಮಿ. ಕೈಯಲ್ಲಿ ತೆಗೆದು ಎಲೆಗೆ ಸವರಿದರೆ ಹಿಟ್ಟು ಜಾರಬಾರದು. ಕೆಸುವಿನ ಎಲೆಯ ದಪ್ಪ ನಾರು ಹೆರೆದು, ಎಲೆಯ ಹಿಂಬದಿಗೆ ಹಿಟ್ಟು ಸವರಿ, ಒಂದರ ಮೇಲೊಂದು ನಾಲ್ಕೈದು ಎಲೆ ಇಟ್ಟು ಸುತ್ತಿ. ಹಬೆಯಲ್ಲಿ 45 ನಿಮಿಷ ಬೇಯಲಿ. ಹುಳಿ ಕಮ್ಮಿ ಮಾಡಬೇಡಿ, ಗಂಟಲು ತುರಿಸದಿರಲು ಅದೇ ಆಧಾರ. ಬಿಸಿ ಆರಿದ ಮೇಲೆ ಕತ್ತರಿಸಿದರೆ ಬಿಲ್ಲೆ ಒಡೆಯುವುದಿಲ್ಲ. ಮರುದಿನ ಅದೇ ಬಿಲ್ಲೆಗಳನ್ನು ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಗರಿಗರಿ ಮಾಡಿ ನೋಡಿ. ಚಿತ್ರದಲ್ಲಿ ಅಂಚು ಕಂದಾಗಿ ಕಾಣುವುದು ಹಾಗೆ ಮಾಡಿದ್ದು.

👉 ಕಡ್ಲೆ–ತೊಂಡೆಕಾಯಿ
ರಾತ್ರಿ ನೆನೆಸಿದ ಕಡ್ಲೆ ಬೇಯಿಸಿಡಿ. ತೊಂಡೆಕಾಯಿಯನ್ನು ಹೆಚ್ಚಬೇಡಿ, ಜಜ್ಜಿ. ಮಸಾಲೆ ಒಳಗೆ ಇಳಿಯುವುದು ಆಗಲೇ. ಕಾಯಿತುರಿ ಮತ್ತು ಒಂದೂವರೆ ಚಮಚ ಹುಡಿಯನ್ನು ನೀರು ಹಾಕದೆ ತರಿತರಿಯಾಗಿ ತಿರುಗಿಸಿ ಕೊನೆಗೆ ಸೇರಿಸಿ, ನೀರು ಆರುವವರೆಗೆ ಮಗುಚಿ.

👉 ಅನಾನಸ್ ಮೆಣಸ್ಕಾಯಿ
ಇಲ್ಲಿ ಹುಡಿಯೊಟ್ಟಿಗೆ ಹುರಿದ ಎಳ್ಳು ಎರಡು ಚಮಚ ಸೇರಬೇಕು, ಎಳ್ಳಿಲ್ಲದೆ ಇದು ಮೆಣಸ್ಕಾಯಿ ಆಗುವುದಿಲ್ಲ. ಕಾಯಿ ಅರ್ಧ ಕಪ್ ಸಾಕು, ಬೆಣ್ಣೆಯಷ್ಟು ನುಣ್ಣಗೆ ಅರೆಯಿರಿ. ಹಣ್ಣು ಹುಳಿಯಿದ್ದರೆ ಬೆಲ್ಲ ಜಾಸ್ತಿ.

👉 ಕಲಸಿದ ಅವಲಕ್ಕಿ
ಸಂಜೆ ನೆಂಟರು ಬಂದರೆ ಹತ್ತು ನಿಮಿಷದ ಕೆಲಸ. ಕಾಯಿತುರಿ, ಬೆಲ್ಲ, ಉಪ್ಪು, ಒಂದು ಚಮಚ ಹುಡಿ ಕೈಯಲ್ಲೇ ಹಿಸುಕಿ, ನೀರು ಬಿಟ್ಟ ಮೇಲೆ ತೆಳು ಅವಲಕ್ಕಿ ಹಾಕಿ ಕಲಸಿ, ಮೇಲೆ ಒಗ್ಗರಣೆ. ಹುಡಿ ಇಲ್ಲಿ ಒಲೆಯನ್ನೇ ಕಾಣುವುದಿಲ್ಲ. ಸರಿಯಾಗಿ ಹುರಿದ ಹುಡಿ ಹೌದೋ ಅಲ್ಲವೋ ಎಂದು ಗೊತ್ತಾಗುವುದು ಈ ಅವಲಕ್ಕಿಯಲ್ಲೇ, ಹಾಗಾಗಿ ಹೊಸ ಪ್ಯಾಕೆಟ್ ಒಡೆದವರು ಮೊದಲು ಇದನ್ನೇ ಮಾಡಿ ನೋಡಿ.

ಮಳೆಗಾಲ, ಡಬ್ಬಿಗೆ ಒದ್ದೆ ಚಮಚ ಬೇಡ. ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮೂರು ತಿಂಗಳು ಪರಿಮಳ ಹೋಗದು.

200 ಗ್ರಾಂ ಪ್ಯಾಕೆಟ್‌ಗೆ 140 ರೂಪಾಯಿ. ಕುಂಬಳೆ, ಬದಿಯಡ್ಕ, ಪೆರ್ಲ, ಉಪ್ಪಳ, ಮಂಜೇಶ್ವರದ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರು, ಮೈಸೂರಿನಲ್ಲಿರುವ ನಮ್ಮವರಿಗೆ ಕೊರಿಯರ್ ಮಾಡುತ್ತೇವೆ, ಇಲ್ಲೇ ಮೆಸೇಜ್ ಮಾಡಿ. ಈ ವಾರದ ಹುಡಿ ಬುಧವಾರ ಹುರಿಯುತ್ತೇವೆ, ಮಂಗಳವಾರ ಸಂಜೆಯೊಳಗೆ ಹೇಳಿದವರಿಗೆ ಅದೇ ಬರುತ್ತದೆ.

#ಕೊದಿಲುಹುಡಿ #ಕಾಸರಗೋಡು #ಪತ್ರೊಡೆ #ಮೆಣಸ್ಕಾಯಿ #ಆಟಿತಿಂಗಳು