ಫೆಬ್ರವರಿ 11ರಿಂದ 16ರವರೆಗೆ ರಜೆಗಾಗಿ ಮನವಿ

ಮಂಡ್ಯ
19 ಜನವರಿ 2026

ಮ್ಯಾನೇಜರ್ ಅವರಿಗೆ,

ಸರ್, ನಮಸ್ಕಾರ.

ಫೆಬ್ರವರಿ 11 ಬುಧವಾರದಿಂದ 16 ಸೋಮವಾರದವರೆಗೆ ನನಗೆ ರಜೆ ಬೇಕಾಗಿದೆ. ನಡುವೆ ಭಾನುವಾರ ಬರುವುದರಿಂದ ಲೆಕ್ಕಕ್ಕೆ ಐದು ದಿನ. ನನ್ನ ಖಾತೆಯಲ್ಲಿ ಒಂಬತ್ತು ಇಎಲ್ ಉಳಿದಿವೆ, ಅದರಲ್ಲೇ ಹಿಡಿದುಕೊಳ್ಳಬಹುದು. 17ರ ಮಂಗಳವಾರ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬರುತ್ತೇನೆ.

ನಮ್ಮೂರಿನ ತಂಡದ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದೇವೆ. ಈ ಸಲ ಅವ್ವನೂ ಬರುತ್ತಿದ್ದಾರೆ. ಅವರಿಗೆ 61 ವರ್ಷ, ಜೊತೆಗೆ ನಾನಿರಬೇಕು. 15ಕ್ಕೆ ಶಿವರಾತ್ರಿ, ಅಷ್ಟರೊಳಗೆ ಬೆಟ್ಟ ತಲುಪಬೇಕು. ಮಳವಳ್ಳಿ, ಕೊಳ್ಳೇಗಾಲ, ಹನೂರು, ತಾಳಬೆಟ್ಟ ಹೀಗೆ ಒಂದೊಂದು ರಾತ್ರಿ ಒಂದೊಂದು ಕಡೆ ತಂಗುತ್ತೇವೆ. ಹಾಗಾಗಿ ತಾರೀಖು ಹಿಂದೆ ಮುಂದೆ ಮಾಡಲು ಆಗುವುದಿಲ್ಲ. 16ರಂದು ಬಸ್ಸಿನಲ್ಲಿ ವಾಪಸ್.

ಆ ವಾರ ನಮ್ಮ ವಿಭಾಗಕ್ಕೆ ಕೆಲಸ ಜಾಸ್ತಿ ಅಂತ ನನಗೆ ಗೊತ್ತು. ಅದಕ್ಕೇ ಕ್ಯಾಲೆಂಡರ್ ಇಟ್ಟುಕೊಂಡು ನೋಡಿದ್ದೇನೆ. ಸಂಬಳ ಮತ್ತು ಟಿಡಿಎಸ್ 7ನೇ ತಾರೀಖಿಗೆ ಮುಗಿಯುತ್ತವೆ, ಅವಕ್ಕೆ ತೊಂದರೆ ಇಲ್ಲ. ಜಿಎಸ್‌ಟಿಆರ್-1ಕ್ಕೆ 11 ಕೊನೆಯ ದಿನ. ಅದನ್ನು ನಾನು 10ರ ಸಂಜೆಯೊಳಗೆ ಫೈಲ್ ಮಾಡಿಯೇ ಹೊರಡುತ್ತೇನೆ. ಜನವರಿ ತಿಂಗಳ ಬಿಲ್‌ಗಳು ಸೇಲ್ಸ್‌ನಿಂದ 5ರೊಳಗೆ ನನ್ನ ಕೈಗೆ ಸಿಕ್ಕರೆ ಸಾಕು. ತಡವಾಗಿ ಬಂದರೆ ಮಾತ್ರ ಕಷ್ಟ, ಅವರಿಗೆ ನೀವೊಂದು ಮಾತು ಹೇಳಿದರೆ ಒಳ್ಳೆಯದು.

ಪಿಎಫ್, ಇಎಸ್‌ಐ ಕಟ್ಟಲು 15 ಕೊನೆಯ ದಿನ, ಅದು ಭಾನುವಾರ ಬಿದ್ದಿದೆ. ಎರಡರ ಚಲನ್‌ಗಳನ್ನೂ 9ರಂದೇ ತಯಾರು ಮಾಡುತ್ತೇನೆ. ನೀವು ಅವತ್ತೇ ಬ್ಯಾಂಕಿನಲ್ಲಿ ಅಪ್ರೂವ್ ಮಾಡಿಕೊಟ್ಟರೆ ರಸೀದಿ ಫೈಲಿಗೆ ಹಾಕಿಯೇ ಹೋಗುತ್ತೇನೆ. ಜಿಎಸ್‌ಟಿಆರ್-3ಬಿ 20ಕ್ಕೆ, ಆ ಹೊತ್ತಿಗೆ ನಾನು ಬಂದಿರುತ್ತೇನೆ.

ದಿನದ ಓಚರ್, ಪೆಟ್ಟಿ ಕ್ಯಾಶ್ ನೋಡಿಕೊಳ್ಳಲು ರಮೇಶ ಒಪ್ಪಿದ್ದಾನೆ. ಹೋದ ದಸರಾದಲ್ಲಿ ಅವನ ಕೆಲಸ ನಾನು ನೋಡಿಕೊಂಡಿದ್ದೆ. ಬೀರುವಿನ ಕೀಲಿಕೈ 10ರಂದು ನಿಮ್ಮ ಎದುರಿಗೇ ಕೊಡುತ್ತೇನೆ. ಶುಕ್ರವಾರದವರೆಗೆ ಸಂಜೆ ಹೊತ್ತು ಫೋನಿಗೆ ಸಿಗುತ್ತೇನೆ. ಹನೂರು ದಾಟಿದ ಮೇಲೆ ಕಾಡಿನ ದಾರಿ, ಆಮೇಲೆ ಸಿಗುವುದು ಕಷ್ಟ.

ಮೊದಲೆರಡು ದಿನ ಬಿಡಲು ಆಗುವುದೇ ಇಲ್ಲ ಅಂತಾದರೆ ಹೇಳಿ ಸರ್. ಅಲ್ಲಿಯವರೆಗೆ ಅವ್ವನ ಜೊತೆ ತಮ್ಮ ನಡೆಯುತ್ತಾನೆ, ನಾನು ಗುರುವಾರ ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಕೊಳ್ಳೇಗಾಲದಲ್ಲಿ ಅವರನ್ನು ಸೇರಿಕೊಳ್ಳುತ್ತೇನೆ. ಆದರೆ ಮನೆಯಿಂದಲೇ ಅವರ ಜೊತೆ ಹೊರಡಬೇಕೆಂಬುದು ನನ್ನ ಆಸೆ.

ಅಡುಗೆ ಸಾಮಾನಿನ ಗಾಡಿಯವರಿಗೆ ಎಷ್ಟು ಜನ ಅಂತ ಈ ಭಾನುವಾರ ಹೇಳಬೇಕು. 24ರ ಶನಿವಾರದೊಳಗೆ ನಿಮ್ಮ ಉತ್ತರ ಸಿಕ್ಕರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಪುಟ್ಟಸ್ವಾಮಿ
ಅಕೌಂಟ್ಸ್ ವಿಭಾಗ