ತಟ್ಟೆ ಸರಿದ ದಾರಿ

ಅರಸೀಕೆರೆಯ ಬಸ್ ನಿಲ್ದಾಣಕ್ಕೆ ಬೆಳಗಾಗುತ್ತಿದ್ದುದು ಶಿವಣ್ಣನ ಹಾಲು ಉಕ್ಕಿದಾಗ. ನಾಲ್ಕು ಗಂಟೆಯ ಹೊತ್ತಿಗೆ, ರೈಲು ನಿಲ್ದಾಣದ ಕಡೆಯಿಂದ ಗಾಡಿಯೊಂದು ಕೂಗಿ ಹೊರಟುಹೋದ ಮೇಲೆ, ಅವನ ಸೈಕಲ್ಲಿನ ಸರಪಳಿಯ ಸದ್ದು ಹೊರಬಾಗಿಲ ಬಳಿ ಕೇಳಿಸುತ್ತಿತ್ತು. ಅಷ್ಟರೊಳಗೆ ನಾನು ಎದ್ದು ಮೈ ಮುರಿದು, ಹಾಸನದ ಬಸ್ಸುಗಳು ನಿಲ್ಲುವ ಕಟ್ಟೆಯಿಂದ ಇಳಿದು, ಅವನ ಅಂಗಡಿಯ ಷಟರಿನ ಮುಂದೆ ಕೂತಿರುತ್ತಿದ್ದೆ. ಷಟರು ಎತ್ತುವುದು, ಕಸ ಹೊಡೆಯುವುದು, ಒಲೆ ಹಚ್ಚುವುದು, ಮೊದಲ ಲೋಟದ ಟೀಯನ್ನು ಯಾರಿಗೂ ಕೊಡದೆ ಅಂಗಡಿಯ ಮುಂದಿನ ನೆಲಕ್ಕೆ ಚೆಲ್ಲಿ ಕೈಮುಗಿಯುವುದು, ಈ ಕ್ರಮ ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಅದಾದ ಮೇಲೆಯೇ ಅಲ್ಯೂಮಿನಿಯಂ ತಟ್ಟೆ ಕೆಳಕ್ಕೆ ಬರುತ್ತಿತ್ತು. ಹಿಂದಿನ ದಿನ ಮಾರಾಟವಾಗದೆ ಉಳಿದ ಬನ್ನನ್ನು ಅವನು ನಾಲ್ಕು ತುಂಡು ಮಾಡಿ, ಬಿಸಿ ಹಾಲಿನಲ್ಲಿ ನೆನೆಸಿ, ಬೆರಳಿಟ್ಟು ಬಿಸಿ ನೋಡಿ, ಅನಂತರವೇ ನನ್ನ ಮುಂದೆ ಸರಿಸುತ್ತಿದ್ದ.

"ನಿಧಾನಕ್ಕೆ ತಿನ್ನೋ ಕೆಂಚ, ಯಾರೂ ಕಿತ್ಕೊಳಲ್ಲ," ಎನ್ನುತ್ತಿದ್ದ.

ನನ್ನ ಮೈ ಕೆಂಪಂತೆ, ಅದಕ್ಕಾಗಿ ಆ ಹೆಸರಂತೆ. ನಿಲ್ದಾಣಕ್ಕೆ ಬರುವ ಬಸ್ಸುಗಳನ್ನೂ ಮನುಷ್ಯರು ಕೆಂಪು ಬಸ್ಸು ಎನ್ನುತ್ತಾರೆ. ನನ್ನ ಕಣ್ಣಿಗೆ ಆ ಬಸ್ಸೂ ಅದರ ಕೆಳಗಿನ ನೆಲವೂ ಹೆಚ್ಚುಕಡಿಮೆ ಒಂದೇ ಮಾಸಲು ಬಣ್ಣ. ನೀಲಿಯೂ ಹಳದಿಯೂ ಮಾತ್ರ ಬೇರೆಯಾಗಿ ಎದ್ದು ತೋರುತ್ತವೆ. ನಾನು ಕಾಣಲಾರದ ಬಣ್ಣವೊಂದರ ಹೆಸರು ಹಿಡಿದು ಅವನು ಕರೆಯುತ್ತಾನೆ, ನಾನು ಓಡಿಹೋಗುತ್ತೇನೆ.

ಬೋರ್ಡು ಓದಲು ಬಾರದಿದ್ದರೂ ಯಾವ ಬಸ್ಸು ಎಲ್ಲಿಂದ ಬಂತೆಂಬುದು ನನಗೆ ಗೊತ್ತಾಗುತ್ತಿತ್ತು. ತಿಪಟೂರಿನ ಬಸ್ಸು ಕೊಬ್ಬರಿಯ ಚೀಲಗಳ ಎಣ್ಣೆವಾಸನೆಯನ್ನು ಹೊತ್ತು ತರುತ್ತಿತ್ತು. ತರೀಕೆರೆ, ಶಿವಮೊಗ್ಗದ ಕಡೆಯಿಂದ ಬಂದವರ ಬಟ್ಟೆಗಳಲ್ಲಿ ಬೇಯಿಸಿದ ಅಡಿಕೆಯ ಒಗರು ಅಂಟಿಕೊಂಡಿರುತ್ತಿತ್ತು. ಬೇಲೂರಿನಿಂದ ಜಾವಗಲ್ ದಾರಿಯಾಗಿ ಬಂದ ಗಾಡಿಯ ಚಕ್ರಗಳಲ್ಲಿ, ಮಳೆಗಾಲವಾದರೆ, ಬೇರೆಯೇ ಒಂದು ಮಣ್ಣು, ಬೇರೆಯೇ ಒಂದು ತಂಪು ಇರುತ್ತಿತ್ತು. ಚಕ್ರಗಳನ್ನು ಮೂಸಿ ನೋಡಿದರೆ ಅವು ಹಾದುಬಂದ ಊರುಗಳ ನಾಯಿಗಳ ಸುದ್ದಿಯೂ ಸಿಗುತ್ತಿತ್ತು. ಬಾಣಾವರದಲ್ಲಿ ಒಬ್ಬ ಮುದುಕನಿದ್ದಾನೆ. ಅವನನ್ನು ನಾನು ಎಂದೂ ಕಂಡಿಲ್ಲ, ಆದರೆ ವಾರಕ್ಕೆ ಎರಡು ಬಾರಿಯಾದರೂ ಅವನು ತನ್ನ ಗುರುತನ್ನು ನನಗೆ ಕಳಿಸುತ್ತಿದ್ದ, ನಾನೂ ಅದೇ ಚಕ್ರದ ಮೇಲೆ ಉತ್ತರ ಬರೆದು ಕಳಿಸುತ್ತಿದ್ದೆ.

ಹಗಲು ಏರಿದಂತೆ ನಿಲ್ದಾಣ ತುಂಬುತ್ತಿತ್ತು. "ಹಾಸನ, ಹಾಸನ" ಎಂಬ ಕೂಗು, ಕಂಡಕ್ಟರರ ಸೀಟಿ, ಹಿಂದಕ್ಕೆ ಸರಿಯುವ ಬಸ್ಸಿನ ಮೈಗೆ ಅಂಗೈಯಿಂದ ಬಡಿಯುವ ಸದ್ದು. ಒಂದು ಬೇಸಿಗೆಯ ಕೊನೆಯಲ್ಲಿ ಹೆಂಗಸರ ಗುಂಪು ಇದ್ದಕ್ಕಿದ್ದಂತೆ ದುಪ್ಪಟ್ಟಾಯಿತು. ಮಲ್ಲಿಗೆ, ಅರಿಶಿನ, ಬುತ್ತಿಯ ಚಿತ್ರಾನ್ನ, ಕಂಕುಳಿನ ಕೂಸುಗಳ ಹಾಲುವಾಸನೆ ಕಟ್ಟೆಯ ತುಂಬ ಹರಡಿತು. 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಂತೆ, ಅದಕ್ಕಾಗಿ ತನ್ನ ಅಕ್ಕ ಹುಳಿಯಾರಿನಿಂದ ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾಳೆಂದು ಶಿವಣ್ಣ ಗಿರಾಕಿಗಳೊಡನೆ ಹೇಳುತ್ತಿದ್ದ. ಆ ಅಕ್ಕ ನನಗೂ ಒಂದು ರೊಟ್ಟಿ ತರುತ್ತಿದ್ದಳು.

ನಾನು ಹುಟ್ಟಿದ್ದು ಬಸ್ಸುಗಳೇ ಓಡದಿದ್ದ ಕಾಲದಲ್ಲಿ. 2020ರ ಲಾಕ್‌ಡೌನಿನಲ್ಲಿ, ನಿಂತಲ್ಲೇ ನಿಂತಿದ್ದ ಬಸ್ಸೊಂದರ ಕೆಳಗೆ, ನಾಲ್ಕು ಮರಿಗಳ ಪೈಕಿ ನಾನೊಬ್ಬ. ಕಟ್ಟೆಯ ಮೇಲೆ ಒಬ್ಬರೂ ಇಲ್ಲದ, ಬಿದ್ದ ಬಿಸ್ಕತ್ತಿನ ಚೂರೂ ಇಲ್ಲದ ಆ ದಿನಗಳಲ್ಲಿ ಅಮ್ಮನ ಹಾಲು ಬತ್ತಿತ್ತು. ಶಿವಣ್ಣನ ಅಂಗಡಿಯೂ ಮುಚ್ಚಿತ್ತು, ಅವನಿಗೂ ಸಂಪಾದನೆ ಇರಲಿಲ್ಲ. ಆದರೂ ದಿನಕ್ಕೊಮ್ಮೆ ಒಂದು ಡಬ್ಬಿಯಲ್ಲಿ ರಾಗಿಮುದ್ದೆಯನ್ನು ಸಾರಿನಲ್ಲಿ ಕಿವುಚಿಕೊಂಡು, ಪೊಲೀಸರ ಕಣ್ಣು ತಪ್ಪಿಸಿ ಗೋಡೆಯ ಬದಿಯಿಂದ ಬರುತ್ತಿದ್ದ. ಉಪ್ಪು ಹಾಕದ ಸಾರು. ಬಸ್ಸುಗಳು ಮತ್ತೆ ಹೊರಟಾಗ ನಮ್ಮಲ್ಲಿ ಇಬ್ಬರು ಗಾಲಿಗೆ ಸಿಕ್ಕರು. ಮರಿಗಳಿಗೆ ಚಕ್ರ ತಿರುಗುತ್ತದೆಂಬುದೇ ತಿಳಿದಿರಲಿಲ್ಲ. ಇನ್ನೊಬ್ಬಳು ನನ್ನ ತಂಗಿ ಬಿಳಿಚಿ, ಶೌಚಾಲಯದ ಹಿಂದಿನ ಗೋಡೆಯ ಸಂದನ್ನು ತನ್ನದಾಗಿ ಮಾಡಿಕೊಂಡು ಬೆಳೆದಳು. ಅವಳು ಮನುಷ್ಯರ ಕೈಗೆ ಬರುತ್ತಿರಲಿಲ್ಲ. ಶಿವಣ್ಣ ತಟ್ಟೆ ಇಟ್ಟು ದೂರ ಹೋದರೆ ಮಾತ್ರ ಬಂದು ತಿಂದು ಓಡಿಬಿಡುತ್ತಿದ್ದಳು.

ಒಮ್ಮೆ ಬಲೆ ಹಿಡಿದ ಜನ ಬಂದು ನಮ್ಮನ್ನೆಲ್ಲ ಗಾಡಿಗೆ ತುಂಬಿಕೊಂಡು ಹೋದರು. ಹೋದ ಜಾಗದಲ್ಲಿ ಔಷಧಿಯ ನಾತವಿತ್ತು. ಸೂಜಿ ಚುಚ್ಚಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಹೊಟ್ಟೆಯ ಕೆಳಗೆ ಹೊಲಿಗೆ, ಕಿವಿಯ ತುದಿಯಲ್ಲಿ ಒಂದು ಕಚ್ಚು. ಕೆಲವು ರಾತ್ರಿಗಳಾದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಟ್ಟರು. ಶಿವಣ್ಣ ನನ್ನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಒಳ್ಳೇದಾಯ್ತು ಬಿಡು, ಹುಚ್ಚುನಾಯಿ ಕಾಯಿಲೆಗೂ ಚುಚ್ಚಿರ್ತಾರೆ," ಎಂದ. ಆ ದಿನ ಬನ್ನಿನ ಮೇಲೆ ಕೆನೆಯೂ ಇತ್ತು.

ನಮ್ಮಿಂದ ಕೆಡುಕಾಗಲೇ ಇಲ್ಲವೆಂದು ನಾನು ಹೇಳಲಾರೆ. ಹೊರಗಿನಿಂದ ಬಂದು ಸೇರಿಕೊಂಡಿದ್ದ ಕರಿನಾಯಿಯೊಂದರ ಬಾಲ ಯಾರದೋ ಪೆಟ್ಟಿಗೆಯ ಕೆಳಗೆ ಸಿಕ್ಕಿ, ನೋವಿನಲ್ಲಿ ಅದು ತಿರುಗಿ ಬಾಯಿ ಹಾಕಿದಾಗ ಎದುರಿಗಿದ್ದುದು ಒಂದು ಪುಟ್ಟ ಹುಡುಗಿಯ ಮೊಣಕಾಲು. ಆ ತಾಯಿಯ ಚೀರು ಎಂಜಿನ್ನುಗಳ ಸದ್ದನ್ನೂ ಮೀರಿ ಕೇಳಿಸಿತು. ಶಿವಣ್ಣ ಟೀ ಸೋಸುವುದನ್ನು ಬಿಟ್ಟು ಓಡಿ, ಹುಡುಗಿಯನ್ನು ನಲ್ಲಿಯ ಕೆಳಗೆ ಕೂರಿಸಿ, ಗಾಯಕ್ಕೆ ಸೋಪು ಹಚ್ಚಿ ಹಚ್ಚಿ ಬಹಳ ಹೊತ್ತು ನೀರು ಬಿಟ್ಟು ತೊಳೆದು, ಆಟೋದಲ್ಲಿ ತಾನೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಮರಳಿ ಬಂದಾಗ ಅವನ ಅಂಗಿಯ ಮೇಲೆ ಆ ಮಗುವಿನ ಕಣ್ಣೀರಿನ ಉಪ್ಪುವಾಸನೆ ಇತ್ತು. ಆ ಸಂಜೆ ಅವನು ನನ್ನ ತಲೆ ಮುಟ್ಟಲಿಲ್ಲ. ನಾನು ಕಟ್ಟೆಯ ಕೆಳಗೇ ಮಲಗಿದ್ದೆ, ಮೇಲೆ ಹತ್ತಲು ಕಾಲು ಬರಲಿಲ್ಲ.

ನಂತರ ಚಳಿಗಾಲದ ಒಂದು ಬೆಳಿಗ್ಗೆ, ಡ್ಯೂಟಿಗೆ ಬಂದ ಕಂಟ್ರೋಲರ್ ಟೀ ಹಿಡಿದುಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯತಾಣಗಳಲ್ಲಿ ಇಡಬೇಕು. ಹಿಡಿದ ಜಾಗಕ್ಕೆ ಮತ್ತೆ ತಂದು ಬಿಡುವಂತಿಲ್ಲ. ಮಾತುಗಳು ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ "ಬಸ್ ನಿಲ್ದಾಣ" ಎಂಬುದು ನನ್ನ ಮನೆಯ ಹೆಸರೆಂದು ಗೊತ್ತಿತ್ತು, ಅದನ್ನು ಕೇಳಿದೊಡನೆ ಶಿವಣ್ಣನ ಬೆವರಿನ ವಾಸನೆ ಬದಲಾದದ್ದೂ ತಿಳಿಯಿತು.

"ಇದು ಕಚ್ಚೋ ನಾಯಲ್ಲ ಸಾರ್. ಐದು ವರ್ಷದಿಂದ ನೋಡಿದ್ದೀರಿ."

"ನಾನು ನೋಡಿದ್ದೀನಪ್ಪ ಶಿವಣ್ಣ, ಕಾಗದ ನೋಡಿಲ್ಲವಲ್ಲ. ಮೇಲಿಂದ ಬಂದರೆ ನಾನೇನು ಮಾಡೋಕಾಗುತ್ತೆ? ಆ ಮಗು ವಿಷಯವೂ ಮರೆಯೋ ಹಾಗಿಲ್ಲ."

"ಮರೆತಿಲ್ಲ ಸಾರ್," ಎಂದು ಶಿವಣ್ಣ ಲೋಟಗಳನ್ನು ತೊಳೆಯತೊಡಗಿದ. ತೊಳೆದ ಲೋಟಗಳನ್ನೇ ಮತ್ತೆ ತೊಳೆದ.

ಅಂದು ರಾತ್ರಿ ತಟ್ಟೆ ಅಂಗಡಿಯ ಮುಂದೆ ಬರಲಿಲ್ಲ. ಅವನು ಅದನ್ನು ಕೈಯಲ್ಲಿ ಹಿಡಿದು ನಿಲ್ದಾಣದ ಹೊರಬಾಗಿಲಿನವರೆಗೆ ನಡೆದು, ಅಲ್ಲಿ ಕುಕ್ಕರುಗಾಲಲ್ಲಿ ಕೂತು ಇಟ್ಟ. ನಾನು ದಾರಿಯಲ್ಲಿ ಎರಡು ಬಾರಿ ನಿಂತು ಹಿಂದೆ ನೋಡಿದೆ, ಅವನು ಮರೆತು ತಪ್ಪು ಜಾಗಕ್ಕೆ ಹೋಗುತ್ತಿದ್ದಾನೆಂದುಕೊಂಡು. ಮರುದಿನ ತಟ್ಟೆ ಹೆದ್ದಾರಿಯನ್ನು ದಾಟಿತ್ತು. ಅದರ ಮರುದಿನ ಔಷಧಿ ಅಂಗಡಿಯ ಮೆಟ್ಟಿಲ ಬಳಿ, ಆಮೇಲೆ ಗಿರಣಿಯ ಮೂಲೆಯಲ್ಲಿ. ಗಿರಣಿಯಾಚೆ ನನ್ನ ಎಲ್ಲೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಬೇರೆಯವರ ಗುರುತುಗಳಿದ್ದವು, ಮೂವರು ಹಲ್ಲು ತೋರಿಸಿ ಎದ್ದು ನಿಂತರು. ಶಿವಣ್ಣ ನನ್ನನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಸೈಕಲ್ಲನ್ನು ಅವರಿಗೆ ಅಡ್ಡ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಆ ಬೀದಿಯನ್ನು ದಾಟಿಸಿದ. ಇಡೀ ದಿನ ನಿಂತೇ ಇದ್ದ ಅವನ ಮೊಣಕಾಲುಗಳು ನಡುಗುತ್ತಿದ್ದುದು ನನ್ನ ಪಕ್ಕೆಗೆ ತಾಗುತ್ತಿತ್ತು.

ಬಿಳಿಚಿಗೂ ಅವನು ಹಾಗೆಯೇ ಇನ್ನೊಂದು ತಟ್ಟೆ ಇಡುತ್ತ ಬಂದಿದ್ದ. ಅವಳು ಹೊರಬಾಗಿಲಿನವರೆಗೆ ಬಂದಳು. ಹೆದ್ದಾರಿಯ ಅಂಚಿನಲ್ಲಿ ನಿಂತು, ಆಚೆಗಿಟ್ಟ ತಟ್ಟೆಯನ್ನು ನೋಡುತ್ತ, ಲಾರಿಗಳು ಹಾಯುವಾಗಲೆಲ್ಲ ಕಿವಿ ಮಡಚಿ ಹಿಂದಕ್ಕೆ ಸರಿಯುತ್ತಿದ್ದಳು. ಐದು ರಾತ್ರಿ ಶಿವಣ್ಣ ಆ ಅಂಚಿನಲ್ಲಿ ಕೂತು ಅವಳನ್ನು ಕರೆದ. ಎತ್ತಿಕೊಳ್ಳಲು ಒಮ್ಮೆ ಕೈ ಚಾಚಿದಾಗ ಅವಳು ಕತ್ತಲೆಗೆ ಓಡಿದಳು.

ಅವನ ಮನೆ ಕೆರೆಯ ಕಡೆಗಿನ ಒಂದು ಓಣಿಯಲ್ಲಿದೆ. ಮುಂದೆ ಚಿಕ್ಕ ಅಂಗಳ, ಅದರಲ್ಲೊಂದು ತೆಂಗಿನ ಮರ. ತಟ್ಟೆ ಕೊನೆಗೆ ಆ ಮರದ ಬುಡಕ್ಕೆ ಬಂತು. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಮೊಮ್ಮಗು ಬಂದಾಗ ಏನು ಮಾಡ್ತೀರಿ?" ಎಂದು ಕೇಳಿದಳು.

"ನಾನೇ ಹಿಡ್ಕೊಂಡು ಕೂತಿರ್ತೀನಿ."

"ಅಂಗಡಿ ಯಾರು ನೋಡ್ಕೋತಾರೆ?"

ಅವನು ಉತ್ತರ ಕೊಡಲಿಲ್ಲ. ಆಕೆ ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಒಂದು ಹಳೆಯ ಗೋಣಿಚೀಲವನ್ನು ತಂದು ಮರದ ಬುಡಕ್ಕೆ ಹಾಸಿದಳು. ಅದರಲ್ಲಿ ಹುರುಳಿಯ ವಾಸನೆ ಇತ್ತು.

ಈಗ ನನ್ನ ಕೊರಳಲ್ಲಿ ಪಟ್ಟಿ ಇದೆ, ಪಟ್ಟಿಗೆ ಹಗ್ಗ ಇದೆ. ನಾಲ್ಕು ಗಂಟೆಗೆ ಅವನು ಎದ್ದು ಹೊರಟಾಗ ನಾನು ಹಗ್ಗದ ಕೊನೆಯವರೆಗೂ ಹೋಗಿ ನಿಲ್ಲುತ್ತೇನೆ. ಸೈಕಲ್ಲಿನ ಸರಪಳಿಯ ಸದ್ದು ಈಗ ನನ್ನಿಂದ ದೂರ ಹೋಗುವ ಸದ್ದಾಗಿದೆ. ಅದು ಹಿಂದೆ ಬರುವ ಸದ್ದಾಗಿತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಮೊದಲ ಬಸ್ಸಿನ ಎಂಜಿನ್ನು ಕೆಮ್ಮುವುದು ಇಲ್ಲಿಗೂ ಕೇಳಿಸುತ್ತದೆ, ಆಗ ಹಾಲು ಉಕ್ಕಿರಬೇಕೆಂದು ನಾನು ಕಿವಿ ಎತ್ತುತ್ತೇನೆ.

ರಾತ್ರಿ ಅವನು ಬಂದೊಡನೆ ಮೊದಲು ಕೈಕಾಲು ತೊಳೆಯುವುದಿಲ್ಲ. ಮರದ ಬುಡದಲ್ಲಿ ಕೂತು ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿಯುತ್ತಾನೆ. ನಾನು ನಿಧಾನವಾಗಿ ಓದುತ್ತೇನೆ: ತಿಪಟೂರಿನ ಕೊಬ್ಬರಿ ಬಂದಿದೆ, ಕಂಟ್ರೋಲರ್ ಶುಂಠಿ ಟೀ ಕುಡಿದಿದ್ದಾರೆ, ಹುಳಿಯಾರಿನ ಅಕ್ಕ ಬಂದು ಹೋಗಿದ್ದಾಳೆ, ಅವಳ ರೊಟ್ಟಿ ಅವನ ಜೇಬಿನಲ್ಲಿದೆ. ಅನಂತರ ಅವನ ಪಾದಗಳ ಬಳಿಗೆ ಹೋಗುತ್ತೇನೆ. ಚಪ್ಪಲಿಯ ಅಂಚಿನಲ್ಲಿ ಬಾಣಾವರದ ಮಣ್ಣಿದೆ, ಡೀಸೆಲ್ಲಿದೆ. ಹೊರಬಾಗಿಲ ಬಳಿ ದಿನವೂ ತಟ್ಟೆ ಇಡುವಾಗ ಅಂಟಿಕೊಳ್ಳುತ್ತಿದ್ದ ಬಿಳಿಚಿಯ ವಾಸನೆ ನಿನ್ನೆಯವರೆಗೂ ಅಲ್ಲಿತ್ತು. ಇಂದು ಎಡಗಾಲನ್ನು ಮೂಸಿದೆ, ಬಲಗಾಲನ್ನು ಮೂಸಿದೆ, ಮತ್ತೆ ಎಡಗಾಲಿಗೆ ಬಂದೆ.

"ಬಂದಿದ್ದರು ಕಣೋ ಕೆಂಚ," ಎಂದು ಶಿವಣ್ಣ ನನ್ನ ಕಚ್ಚು ಇರುವ ಕಿವಿಯ ಮೇಲೆ ಕೈ ಇಟ್ಟ. ಚೀಲದಿಂದ ಅವಳ ತಟ್ಟೆಯನ್ನು ತೆಗೆದು, ನನ್ನದರ ಪಕ್ಕಕ್ಕೆ ಬೋರಲಾಗಿ ಇಟ್ಟ.