ಈಸಕ್ಕಿಯಾಸೆ ನಿಮಗೇಕೆ? (ಶ್ರಾವಣ ಸೋಮವಾರದ ಪ್ರವಚನ)

ಓಂ ಶ್ರೀ ಗುರುಬಸವಲಿಂಗಾಯ ನಮಃ.

ತಾಯಂದಿರೇ, ಅಣ್ಣಂದಿರೇ, ಮುಂದೆ ಕೂತಿರುವ ಮಕ್ಕಳೇ, ಎಲ್ಲರಿಗೂ ಶರಣು ಶರಣಾರ್ಥಿ. ಸಿಂಧನೂರು ಸೀಮೆಯಲ್ಲಿ ಈಗ ನಾಟಿ ಜೋರು. ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಿ, ಸೊಂಟ ನೋಯುತ್ತಿದ್ದರೂ ಮಠಕ್ಕೆ ಬಂದಿದ್ದೀರಿ. ಅದಕ್ಕೇ ಸುತ್ತಿ ಬಳಸಿ ಹೇಳುವುದಿಲ್ಲ. ಇವತ್ತು ಹೊಟ್ಟೆಕಿಚ್ಚಿನ ಬಗ್ಗೆ ಮಾತಾಡೋಣ. ನಮ್ಮ ಓಣಿಯಲ್ಲಿರುವ ಹೊಟ್ಟೆಕಿಚ್ಚಿನ ಬಗ್ಗೆಯೇ.

ಮೊದಲು ಲಕ್ಕಮ್ಮ ತಾಯಿಯನ್ನು ನೆನೆಯೋಣ. ಆಯ್ದಕ್ಕಿ ಲಕ್ಕಮ್ಮ, ಆಯ್ದಕ್ಕಿ ಮಾರಯ್ಯ. 12ನೇ ಶತಮಾನದ ಈ ಶರಣ ದಂಪತಿ ಎಲ್ಲೋ ದೂರದವರಲ್ಲ. ನಮ್ಮ ರಾಯಚೂರು ಜಿಲ್ಲೆಯವರೇ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಗುಡಗುಂಟಿ ಅಮರೇಶ್ವರನಿಗೆ ನಿಮ್ಮಲ್ಲಿ ಬಹಳ ಮಂದಿ ನಡೆದುಕೊಳ್ಳುತ್ತೀರಿ. ಆ ದೇವರ ಹೆಸರನ್ನೇ ಇಬ್ಬರೂ ತಮ್ಮ ವಚನಗಳಿಗೆ ಅಂಕಿತ ಮಾಡಿಕೊಂಡರು. ಊರು ಬಿಟ್ಟು ಕಲ್ಯಾಣಕ್ಕೆ ಹೋದರು. ಅಲ್ಲಿ ಮಾರಯ್ಯನ ಕಾಯಕ ಏನು ಗೊತ್ತಾ? ನೆಲಕ್ಕೆ ಬಿದ್ದ ಅಕ್ಕಿ ಆಯುವುದು. ಆಯ್ದ ಅಕ್ಕಿಯಿಂದ ಲಕ್ಕಮ್ಮ ದಾಸೋಹ ನಡೆಸುತ್ತಿದ್ದಳು.

ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಕದ್ದದ್ದಲ್ಲ, ಕಿತ್ತುಕೊಂಡದ್ದಲ್ಲ. ಬಸವಣ್ಣನ ಅಂಗಳದಲ್ಲಿ ಬಿದ್ದದ್ದನ್ನೇ ಆಯ್ದು ತಂದಿದ್ದ. ಅಷ್ಟು ಅಕ್ಕಿ ಬೇಕಂತಲೇ ಚೆಲ್ಲಿದ್ದರು ಎಂದೂ ಕಥೆಯಲ್ಲಿ ಬರುತ್ತದೆ. ಬಡವರ ಮನೆ. ಬೇರೆ ಯಾರಾದರೂ ಆಗಿದ್ದರೆ ಗಂಡನನ್ನು ಹೊಗಳುತ್ತಿದ್ದರು. ಲಕ್ಕಮ್ಮ ಕೇಳಿದ್ದು ಇದು: ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಆಮೇಲೆ ಹೇಳಿದಳು: ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.’ ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದನೋ ಅಲ್ಲಿಗೇ ವಾಪಸ್ ಕಳಿಸಿದಳು.

ಈ ಕಥೆ ನೀವು ಎಷ್ಟೋ ಸಲ ಕೇಳಿದ್ದೀರಿ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಅಕ್ಕಿ ಹೆಚ್ಚಾಗಿದೆ ಎಂದು ಲಕ್ಕಮ್ಮನಿಗೆ ಹೇಗೆ ಗೊತ್ತಾಯಿತು? ತನ್ನ ಮನೆಗೆ ಎಷ್ಟು ಸಾಕು ಎಂದು ಆಕೆಗೆ ಗೊತ್ತಿತ್ತು. ಅದಕ್ಕೇ ಜಾಸ್ತಿ ಬಂದದ್ದು ನೋಡಿದ ಕೂಡಲೇ ತಿಳಿಯಿತು. ನಮ್ಮಲ್ಲಿ ಅದೇ ಇಲ್ಲ. ನಿನಗೆ ಎಷ್ಟು ಸಾಕಪ್ಪಾ ಎಂದು ಯಾರನ್ನಾದರೂ ಕೇಳಿ ನೋಡಿ. ಉತ್ತರ ಬರಲ್ಲ. ಪಕ್ಕದ ಮನೆಯವರಿಗೆ ಎಷ್ಟಿದೆ ಎಂದು ಕೇಳಿ. ಎಕರೆ, ತೊಲ, ಸಂಬಳ, ಎಲ್ಲಾ ಬಾಯಲ್ಲೇ ಇರುತ್ತದೆ. ತನ್ನ ಮನೆಯ ಅಳತೆ ಗೊತ್ತಿಲ್ಲದವರು ಪಕ್ಕದ ಮನೆಯ ಅಳತೆಯಲ್ಲಿ ಬದುಕಬೇಕಾಗುತ್ತದೆ. ನಾನು ಇವತ್ತು ಹೇಳಬೇಕಾದದ್ದು ಇಷ್ಟೇ. ಮಿಕ್ಕ ಮಾತೆಲ್ಲ ಇದರ ಸುತ್ತಲೇ.

ಇನ್ನೊಂದು ಯೋಚನೆ ಮಾಡಿ. ಮಂತ್ರಿಯ ಬಂಗಲೆ ನೋಡಿ ನಿಮಗೆ ರಾತ್ರಿ ನಿದ್ದೆ ಕೆಟ್ಟಿದೆಯೇ? ಇಲ್ಲ. ಹಟ್ಟಿಯ ಗಣಿಯಲ್ಲಿ ನೆಲದೊಳಗಿಂದ ಚಿನ್ನ ತೆಗೆಯುತ್ತಾರೆ. ಅದು ನೆನಪಾಗಿ ಯಾರ ಊಟ ತಪ್ಪಿದೆ? ಯಾರದೂ ಇಲ್ಲ. ನಿದ್ದೆ ಕೆಡುವುದು ಒಂದೇ ಗೋಡೆಯ ಆಚೆ ಇರುವವರಿಂದ. ಅಣ್ಣನಿಂದ, ಓರಗಿತ್ತಿಯಿಂದ, ಜೊತೆಗೆ ಸಾಲೆ ಕಲಿತ ಗೆಳೆಯನಿಂದ. ಯಾರ ಕಷ್ಟಕ್ಕೆ ನಾವು ಮೊದಲು ಓಡಿ ಹೋಗುತ್ತೇವೋ, ಅವರ ಸುಖವನ್ನೇ ನೋಡಲಾಗುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ. ನಮ್ಮ ಜನ ಕೆಟ್ಟವರಲ್ಲ. ಓಣಿಯಲ್ಲಿ ಸಾವಾದರೆ ಯಾರೂ ಕರೆಯುವುದು ಬೇಕಿಲ್ಲ. ರೊಟ್ಟಿ ಬಡಿದುಕೊಂಡು, ಪಲ್ಯ ಮಾಡಿಕೊಂಡು ಹೋಗುತ್ತೇವೆ. ಹುಡುಗ ಪರೀಕ್ಷೆಯಲ್ಲಿ ಫೇಲಾದರೆ ತಲೆ ಸವರಿ ಸಮಾಧಾನ ಹೇಳುತ್ತೇವೆ. ಅದೇ ಹುಡುಗನಿಗೆ ನೌಕರಿ ಬಂತು ಅನ್ನಿ. ಪೇಡಾ ತಿನ್ನುತ್ತಲೇ ‘ಎಷ್ಟು ಕೊಟ್ಟು ತಗೊಂಡ್ರಂತೆ?’ ಎಂದು ಪಿಸುಗುಡುತ್ತೇವೆ. ಧಾರವಾಡದ ಬಾಡಿಗೆ ರೂಮಿನಲ್ಲಿ ವರ್ಷಗಟ್ಟಲೆ ಓದಿದ ಆ ಮಗುವಿಗೆ ಆ ಮಾತು ಮುಟ್ಟುವುದಿಲ್ಲವೇ? ಮುಟ್ಟುತ್ತದೆ. ಇನ್ನೂ ನೌಕರಿ ಸಿಗದ ಹುಡುಗರ ಪಾಡು ಇನ್ನೂ ಕಷ್ಟ. ಊರಿಗೆ ಬಂದ ಕೂಡಲೇ ‘ಇನ್ನೂ ಆಗಲಿಲ್ಲಾ?’ ಎಂದು ಕೇಳುತ್ತಾರೆಂದು ದೀಪಾವಳಿಗೂ ಬರದ ಮಕ್ಕಳಿದ್ದಾರೆ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮಾಡಿ ದುಡಿಯುವ ಹುಡುಗನಿಗೆ ‘ಗೌರ್ಮೆಂಟ್ ಅಲ್ಲಲ್ಲಾ’ ಅನ್ನುತ್ತೇವೆ. ಬೆವರು ಸುರಿಸಿ ಉಣ್ಣುವುದಕ್ಕೆ ಕಾಯಕ ಎಂದು ಹೆಸರಿಟ್ಟ ನಾಡು ಇದು. ಆ ಮಾತು ನಮ್ಮ ಬಾಯಲ್ಲಿ ಬರಬಾರದು.

ಮನೆಯ ವಿಷಯಕ್ಕೆ ಬರೋಣ. ಒಂದು ಊರಿನ ಅಣ್ಣತಮ್ಮಂದಿರ ಕಥೆ. ಊರು ಯಾವುದೆಂದು ಬೇಡ. ತಮ್ಮ ಹಿಂಗಾರಿನ ಭತ್ತಕ್ಕೆ ಒಳ್ಳೆಯ ರೇಟು ಸಿಕ್ಕಾಗ ಎರಡು ಅಂತಸ್ತಿನ ಮನೆ ಕಟ್ಟಿಸಿದ. ನೆಲಕ್ಕೆ ಗ್ರಾನೈಟ್, ಬಾಗಿಲಿಗೆ ಸಾಗವಾನಿ. ಅಣ್ಣನ ಮನೆಯೂ ಗಟ್ಟಿಯಾಗಿತ್ತು. ಮಳೆಗೆ ಸೋರುತ್ತಿರಲಿಲ್ಲ. ಇಬ್ಬರು ಮಕ್ಕಳು, ಇಬ್ಬರೂ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದರು. ಆದರೆ ದಿನ ಬೆಳಗಾದರೆ ತಮ್ಮನ ಮನೆಯ ನೆರಳು ಇವನ ಅಂಗಳಕ್ಕೆ ಬೀಳುತ್ತಿತ್ತು. ಕೊನೆಗೆ ಎರಡು ಎಕರೆ ಮೇಲೆ ಸಾಲ ತೆಗೆದ. ಮೇಲೆ ಒಂದು ಅಂತಸ್ತು ಏರಿಸಿದ. ಅಲ್ಲಿ ಮಲಗಲು ಯಾರೂ ಇಲ್ಲ. ಈಗ ಅಲ್ಲಿ ಗೊಬ್ಬರದ ಖಾಲಿ ಚೀಲ ಇಟ್ಟಿದ್ದಾರೆ. ಬಡ್ಡಿ ಕಟ್ಟಲು ಮಗಳ ಕಾಲೇಜು ಬಿಡಿಸಿದರು. ಆ ಹುಡುಗಿ ಏನು ತಪ್ಪು ಮಾಡಿದ್ದಳು, ಹೇಳಿ?

ಹೊಸ ಮನೆಗೆ ನಾವು ಬೂದುಗುಂಬಳ ಕಟ್ಟುತ್ತೇವೆ. ದೃಷ್ಟಿ ಗೊಂಬೆ ತೂಗು ಹಾಕುತ್ತೇವೆ. ಬೇರೆಯವರ ಕಣ್ಣು ನಮಗೆ ಬೀಳಬಾರದು ಎಂದು ಅಷ್ಟೆಲ್ಲ ಮಾಡುತ್ತೇವೆ. ನಮ್ಮ ಕಣ್ಣು ಬೇರೆಯವರ ಮನೆಯ ಮೇಲೆ ಬೀಳದಂತೆ ಏನು ಕಟ್ಟಿದ್ದೇವೆ? ಅಣ್ಣನ ಮನೆ ಕೆಡಿಸಿದ್ದು ಊರವರ ದೃಷ್ಟಿ ಅಲ್ಲ, ಅವನದೇ ಕಣ್ಣು. ಮೈಕ್ರೊಫೈನಾನ್ಸ್‌ನವರ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಕಾನೂನು ತಂದಿತು. ಬಹಳ ಒಳ್ಳೆಯ ಕೆಲಸ. ಆದರೆ ಸಾಲ ವಸೂಲಿಗೆ ಮನೆ ಮುಂದೆ ಬಂದು ಕೂರುವವರನ್ನು ಕಾನೂನು ತಡೆಯಬಹುದು. ಪಕ್ಕದ ಮನೆ ನೋಡಿ ಸಾಲಕ್ಕೆ ಸಹಿ ಹಾಕುವ ಕೈಯನ್ನು ಯಾವ ಕಾನೂನು ಹಿಡಿದೀತು?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ಈ ಪ್ರವಚನ ಉಳ್ಳವರ ಕೈಗೆ ಕೋಲು ಕೊಟ್ಟಂತೆ ಆಗುತ್ತದೆ. ‘ಇದ್ದದ್ದರಲ್ಲಿ ತೃಪ್ತಿ ಪಡು’ ಎಂದು ಹಸಿದವನಿಗೆ ಹೇಳುವುದು ಧರ್ಮ ಅಲ್ಲ. ಎಡದಂಡೆ ನಾಲೆಯ ಕೆಳಭಾಗದ ರೈತ ‘ಮೇಲಿನವರು ನೀರು ಬಿಡುತ್ತಿಲ್ಲ, ನನ್ನ ಪಾಲಿನ ನೀರು ಕೊಡಿ’ ಎಂದು ರಸ್ತೆಯಲ್ಲಿ ಕೂತರೆ ಅದು ಹೊಟ್ಟೆಕಿಚ್ಚಲ್ಲ. ನಾಟಿಗೆ ಹೋಗುವ ಅಕ್ಕ ‘ಪಕ್ಕದ ಊರಿನಲ್ಲಿ ಕೂಲಿ ಜಾಸ್ತಿ ಕೊಡುತ್ತಾರೆ, ನಮಗೂ ಕೊಡಿ’ ಎಂದರೆ ಅದೂ ಅಲ್ಲ. ಅದು ಹಕ್ಕು. ಲಕ್ಕಮ್ಮನೂ ಗಂಡನಿಗೆ ಸುಮ್ನೆ ಮನೆಯಲ್ಲಿ ಕೂರು ಅನ್ನಲಿಲ್ಲ. ಕಾಯಕ ನಿಂತಿತು, ಹೋಗು ಎಂದು ಎಬ್ಬಿಸಿ ಕಳಿಸಿದವಳು ಆಕೆ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ. ‘ನನಗೂ ಬೇಕು’ ಅನ್ನುತ್ತಿದೆಯೋ, ‘ಅವನಿಗೆ ಇರಬಾರದು’ ಅನ್ನುತ್ತಿದೆಯೋ? ಮೊದಲನೆಯದಕ್ಕೆ ದುಡಿಯಿರಿ, ಬೇಕಾದರೆ ಹೋರಾಡಿ. ಎರಡನೆಯದು ಬಂದ ದಿನ ಪೂಜೆಗೆ ಕೂತಾಗ ಅದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿಬಿಡಿ. ಯಾರಿಗೂ ಕೇಳಿಸುವುದು ಬೇಡ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲಾ? ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿಯಿತು. ನೀರು ಹೊಳೆಗೆ ಹರಿದು ಹೋಗುತ್ತಿತ್ತು. ಎಲ್ಲರ ಗದ್ದೆಯಲ್ಲಿ ಬೆಳೆ ನಿಂತಿತ್ತು. ಆ ದಿನಗಳಲ್ಲಿ ಗೌಡರ ಮನೆಯಲ್ಲೂ ಕೂಲಿಯವರ ಮನೆಯಲ್ಲೂ ಒಂದೇ ಮಾತು: ಗೇಟು ಕೂತಿತಾ? ಯಾರ ಮನೆ ಎಷ್ಟು ಅಂತಸ್ತು ಎಂದು ಯಾರೂ ಕೇಳಲಿಲ್ಲ. ಒಂದೇ ನೀರು ಉಂಡು ಬದುಕುವವರು ನಾವು. ಕಷ್ಟ ಬಂದಾಗ ಅದು ತಿಳಿಯುತ್ತದೆ, ಸುಗ್ಗಿ ಬಂದ ಕೂಡಲೇ ಮರೆಯುತ್ತದೆ.

ಇನ್ನು ಮದುವೆ. ತಾಯಂದಿರೇ, ಇದನ್ನು ನಿಮ್ಮ ಮುಂದೆಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಕ್ಕಿಕಾಳು ಹಾಕಿ ಬಂದ ಮೇಲೆ ಮದುಮಗಳು ಖುಷಿಯಾಗಿದ್ದಳಾ ಎಂದು ಯಾರೂ ಮಾತಾಡಲ್ಲ. ಎಷ್ಟು ತೊಲ ಹಾಕಿದರು, ಊಟಕ್ಕೆ ಎಷ್ಟು ಬಗೆ ಸಿಹಿ, ಆಯೇರಿ ಸೀರೆ ಎಂಥದ್ದು, ಹಂಪಿಗೆ ಹೋಗಿ ಫೋಟೊ ತೆಗೆಸಿದರಾ, ಡ್ರೋನ್ ಹಾರಿಸಿದರಾ, ಇದೇ ಮಾತು. ಆ ಮಾತು ಕೇಳುತ್ತಾ ಮೂಲೆಯಲ್ಲಿ ಒಬ್ಬ ಅಪ್ಪ ಕೂತಿರುತ್ತಾನೆ. ಅವನ ಮಗಳ ಮದುವೆ ಮುಂದಿನ ವರ್ಷ. ನಿಮ್ಮ ಒಂದೊಂದು ಮಾತಿಗೂ ಅವನ ಎದೆಯಲ್ಲಿ ಸಾಲದ ಮೊತ್ತ ಏರುತ್ತಾ ಹೋಗುತ್ತದೆ. ವರದಕ್ಷಿಣೆ ಕೊಡುವುದೂ ತಗೊಳ್ಳುವುದೂ ಅಪರಾಧ ಎಂದು 1961ರಲ್ಲೇ ಕಾನೂನಾಗಿದೆ. ಆದರೂ ನಡೆಯುತ್ತದೆ. ಏಕೆಂದರೆ ಕೇಳುವವರು ಬೀಗರು ಮಾತ್ರ ಅಲ್ಲ. ‘ಅವರು ಅಷ್ಟು ಕೊಟ್ಟರು, ನೀವು?’ ಎಂದು ಇಡೀ ಓಣಿ ಕೇಳುತ್ತದೆ.

ಹಾಗಾಗಿ ಇವತ್ತು ಮಠದಿಂದ ಒಂದು ಬೇಡಿಕೆ ಇದೆ. ಶ್ರಾವಣದ ಕಡೆಯ ಸೋಮವಾರ ಇಲ್ಲಿ ಸಾಮೂಹಿಕ ವಿವಾಹ ನಡೆಯುತ್ತದೆ. ಎಲ್ಲ ವಧುಗಳಿಗೂ ಒಂದೇ ಬಗೆಯ ಸೀರೆ, ಒಂದೇ ತಾಳಿ. ಎಲ್ಲರಿಗೂ ಗೋಧಿಹುಗ್ಗಿ, ಅನ್ನ ಸಾರು. ಇಷ್ಟು ವರ್ಷ ಇದಕ್ಕೆ ‘ಬಡವರ ಮದುವೆ’ ಎಂಬ ಹೆಸರು ಬಿದ್ದಿದೆ. ಹೆಸರು ಬರೆಸಲು ಬರುವ ತಂದೆ ಕತ್ತಲಾದ ಮೇಲೆ ಬರುತ್ತಾನೆ, ಯಾರೂ ನೋಡಬಾರದು ಎಂದು. ಅದನ್ನು ನೋಡಿ ಕರುಳು ಹಿಂಡಿದಂತಾಗುತ್ತದೆ. ಇದನ್ನು ಬಡವರಿಂದ ಸರಿ ಮಾಡಿಸಲು ಆಗುವುದಿಲ್ಲ. ಉಳ್ಳವರೇ ಮಾಡಬೇಕು. ಇಪ್ಪತ್ತು ಎಕರೆ ನೀರಾವರಿ ಇರುವ ಮನೆಯ ಹುಡುಗಿ, ನೌಕರಿ ಇರುವ ಹುಡುಗ ಅದೇ ಪೆಂಡಾಲಿನಲ್ಲಿ, ಅದೇ ಸಾಲಿನಲ್ಲಿ ಕೂರಲಿ. ಬೀಗರನ್ನು ಒಪ್ಪಿಸಲು ನಾನೇ ಬರುತ್ತೇನೆ. ಎಷ್ಟು ದೂರವಾದರೂ ಸರಿ.

ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನಾಳೆ ಬೆಳಗ್ಗೆಯಿಂದ ಹೆಸರು ಬರೆಯುವ ಪುಸ್ತಕ ಗದ್ದುಗೆಯ ಪಕ್ಕದ ಕಟ್ಟೆಯ ಮೇಲೆ ಇರುತ್ತದೆ. ಮೊದಲ ಎರಡು ಹೆಸರು ನಿಮ್ಮ ಮನೆಗಳಿಂದ ಬರಲಿ. ಹಗಲು ಹೊತ್ತಿನಲ್ಲಿ, ಎಲ್ಲರ ಮುಂದೆ ಬಂದು ಬರೆಸಿ.

ಈಗ ಮಂಗಳಾರತಿ. ಆಮೇಲೆ ಎಲ್ಲರೂ ಪ್ರಸಾದ ತಗೊಂಡೇ ಹೋಗಬೇಕು. ಶರಣು ಶರಣಾರ್ಥಿ.